ಮನೋವೈದ್ಯರ ವರದಿ: ಹೇಳಬೇಕಾದ್ದು, ಹೇಳಬಾರದ್ದು

‘ಆರೋಪಿಗೆ ಸ್ಕಿಜೋಫ್ರೇನಿಯಾ ಇದೆ. ಚಿಕಿತ್ಸೆ ನೀಡಲಾಗುತ್ತಿದೆ.’ ನ್ಯಾಯಾಲಯಕ್ಕೆ ಬರುವ ಎಷ್ಟೋ ವೈದ್ಯಕೀಯ ವರದಿಗಳು ಇಷ್ಟಕ್ಕೇ ಮುಗಿಯುತ್ತವೆ. ನ್ಯಾಯಾಧೀಶರು ಕೇಳಿದ್ದು ಕಾಯಿಲೆಯ ಹೆಸರನ್ನಲ್ಲ. ಈ ವ್ಯಕ್ತಿ ಇಂದು ತನ್ನನ್ನು ತಾನು ಸಮರ್ಥಿಸಿಕೊಳ್ಳಬಲ್ಲನೇ ಎಂಬುದನ್ನು. ಸಿಂಧನೂರು ಸೀಮೆಯಲ್ಲಿ ವಕೀಲಿ ವೃತ್ತಿ ನಡೆಸುವ ನನಗೆ ಈ ಎರಡರ ನಡುವಿನ ಅಂತರವೇ ಮುಖ್ಯವೆನಿಸುತ್ತದೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 367 ಮತ್ತು 368ನೇ ಕಲಮುಗಳು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ವ್ಯವಸ್ಥೆಯನ್ನೇ ಬಹುತೇಕ ಮುಂದುವರಿಸಿವೆ. ಆರೋಪಿಗೆ ಚಿತ್ತಸ್ವಾಸ್ಥ್ಯವಿಲ್ಲ ಎಂಬುದಷ್ಟೇ ಸಾಲದು. ಆ ಕಾರಣದಿಂದ ಆತ ಪ್ರತಿವಾದಕ್ಕೆ ಅಸಮರ್ಥನಾಗಿರಬೇಕು. ಈ ‘ಕಾರಣದಿಂದ’ ಎಂಬ ಪದದ ಮೇಲೆಯೇ ಇಡೀ ವರದಿ ನಿಂತಿರುತ್ತದೆ.

ಜವಳಗೇರಾದ ಒಬ್ಬ ಕೃಷಿಕೂಲಿಕಾರನನ್ನು ಊಹಿಸಿಕೊಳ್ಳೋಣ. ಕಾಲುವೆ ನೀರಿನ ಜಗಳದಲ್ಲಿ ಅಣ್ಣನ ಮೇಲೆ ಕೊಡಲಿ ಬೀಸಿದ ಆರೋಪ ಅವನ ಮೇಲಿದೆ. ಎಂಟು ತಿಂಗಳ ನಂತರ ಕಟಕಟೆಯಲ್ಲಿ ತನ್ನಷ್ಟಕ್ಕೆ ತಾನೇ ಗೊಣಗುತ್ತಾನೆ. ತನ್ನ ವಕೀಲನೇ ಅಣ್ಣನ ಕಡೆಯ ಗೂಢಚಾರನೆಂದು ನಂಬುತ್ತಾನೆ. ನ್ಯಾಯಾಲಯ ಅವನನ್ನು ಪರೀಕ್ಷೆಗೆ ಕಳುಹಿಸುತ್ತದೆ.

ಒಳ್ಳೆಯ ವರದಿ ನ್ಯಾಯಾಲಯ ಕೇಳಿದ ಪ್ರಶ್ನೆಯಿಂದಲೇ ಆರಂಭವಾಗುತ್ತದೆ. ಆರೋಪಿಯನ್ನು ಯಾವ ದಿನಾಂಕಗಳಂದು, ಎಷ್ಟು ಹೊತ್ತು ಕಂಡದ್ದು, ದೋಷಾರೋಪ ಪಟ್ಟಿ ಹಾಗೂ ಜೈಲಿನ ದಾಖಲೆಗಳನ್ನು ಓದಿದರೇ, ಮನೆಯವರನ್ನು ವಿಚಾರಿಸಿದರೇ ಎಂಬುದೆಲ್ಲ ಮೊದಲೇ ಬರಬೇಕು. ಮಾತುಕತೆ ಗೋಪ್ಯವಲ್ಲ, ನ್ಯಾಯಾಲಯಕ್ಕೆ ತಲುಪುತ್ತದೆ ಎಂದು ಆರೋಪಿಗೆ ತಿಳಿಸಲಾಯಿತೇ ಎಂಬುದೂ ದಾಖಲಾಗಬೇಕು. ಆಮೇಲೆ ಕಾಯಿಲೆಯ ಚರಿತ್ರೆ ಮತ್ತು ಮನಃಸ್ಥಿತಿಯ ವಿವರ.

ವರದಿಯ ತಿರುಳು ಸಾಮರ್ಥ್ಯಗಳ ಪರೀಕ್ಷೆ. ಆರೋಪವೇನೆಂಬುದು ಅವನಿಗೆ ಗೊತ್ತೇ? ನ್ಯಾಯಾಧೀಶರು, ಸರ್ಕಾರಿ ವಕೀಲರು, ತನ್ನ ವಕೀಲರು ಮಾಡುವ ಕೆಲಸಗಳ ವ್ಯತ್ಯಾಸ ತಿಳಿದಿದೆಯೇ? ಶಿಕ್ಷೆಯಾದರೆ ಏನಾಗುತ್ತದೆಂಬ ಅರಿವಿದೆಯೇ? ಸಾಕ್ಷಿ ಸುಳ್ಳು ಹೇಳಿದರೆ ವಕೀಲನಿಗೆ ಅದನ್ನು ತಿಳಿಸಬಲ್ಲನೇ? ಇಲ್ಲಿ ಭಾಷೆಯ ಎಚ್ಚರ ಬೇಕು. ‘ಅಭಿಯೋಜಕರೆಂದರೆ ಯಾರು?’ ಎಂದು ಕೇಳಿದರೆ ಆರೋಗ್ಯವಂತ ರೈತನೂ ತಬ್ಬಿಬ್ಬಾಗುತ್ತಾನೆ. ‘ನಿನ್ನ ಕಡೀಂದ ಮಾತಾಡೋರು ಯಾರಪಾ?’ ಎಂದು ಕೇಳಬೇಕು. ಉತ್ತರ ತಿಳಿಯದಿದ್ದರೆ ವಿವರಿಸಿ, ಮರುದಿನ ಮತ್ತೆ ಕೇಳಬೇಕು. ಹೇಳಿಕೊಟ್ಟದ್ದನ್ನು ಉಳಿಸಿಕೊಂಡರೆ ಅದು ಅಜ್ಞಾನ, ಅಜ್ಞಾನ ಅಸಮರ್ಥತೆಯಲ್ಲ. ನಮ್ಮ ಕೂಲಿಕಾರ ಎಲ್ಲ ಪ್ರಶ್ನೆಗಳಿಗೂ ಸರಿಯಾಗಿ ಉತ್ತರಿಸಿ, ವಕೀಲನ ವಿಷಯ ಬಂದೊಡನೆ ಮೌನಿಯಾದರೆ, ಅವನ ಭ್ರಮೆ ಪ್ರತಿವಾದದ ಬುಡಕ್ಕೇ ತಗುಲಿದೆ ಎಂದರ್ಥ. ಅದೇ ಭ್ರಮೆ ಪಕ್ಕದೂರಿನ ಮಾಟಗಾರನ ಬಗೆಗಿದ್ದಿದ್ದರೆ, ಕಾಯಿಲೆ ಇದ್ದೂ ಆತ ವಿಚಾರಣೆ ಎದುರಿಸಬಲ್ಲವನಾಗಿರಬಹುದಿತ್ತು.

ಇನ್ನು ವರದಿಯ ಮಿತಿಗಳು. ಕೊಡಲಿ ಬೀಸಿದವನು ಇವನೇ ಹೌದೇ ಎಂದು ವೈದ್ಯರು ಹೇಳಲಾಗದು. ಬೀಸಿದಾಗ ಅವನ ಬುದ್ಧಿ ಹೇಗಿತ್ತೆಂಬುದು ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಿನ ಬೇರೆಯೇ ಪ್ರಶ್ನೆ. ಹಳೆಯ ದಂಡ ಸಂಹಿತೆಯಲ್ಲಿ ಅದು 84ನೇ ಕಲಮಾಗಿತ್ತು. ಈ ವರದಿ ಇಂದಿನದನ್ನು ನೋಡುತ್ತದೆ, ಆ ಕಲಮು ಅಂದಿನದನ್ನು. ಘಟನೆಯ ಕುರಿತು ಆರೋಪಿ ಆಡಿದ ಮಾತುಗಳನ್ನು ವರದಿಯಲ್ಲಿ ಯಥಾವತ್ತಾಗಿ ಬರೆದರೆ, ಚಿಕಿತ್ಸೆಯ ಕೋಣೆ ತಪ್ಪೊಪ್ಪಿಗೆಯ ಕೋಣೆಯಾಗುತ್ತದೆ. ಕೊನೆಯ ಮಾತೂ ವೈದ್ಯರದಲ್ಲ. ವೈದ್ಯಕೀಯ ಪುರಾವೆಯನ್ನೂ ಇತರ ಪುರಾವೆಗಳನ್ನೂ ತೂಗಿ ತೀರ್ಮಾನಿಸುವವರು ನ್ಯಾಯಾಧೀಶರು. ಅಸಮರ್ಥನೆಂದು ಕಂಡುಬಂದಾಗಲೂ, ಮೇಲ್ನೋಟಕ್ಕೆ ಪ್ರಕರಣವೇ ಇಲ್ಲದಿದ್ದರೆ ವಿಚಾರಣೆ ಮುಂದೂಡುವ ಬದಲು ಆರೋಪಿಯನ್ನು ಬಿಡುಗಡೆ ಮಾಡಬೇಕೆಂದು ಕಾನೂನು ಹೇಳುತ್ತದೆ.

ಎಲ್ಲಕ್ಕಿಂತ ದೊಡ್ಡ ಮಿತಿ ಕಾಲದ್ದು. ಔಷಧಿಗೆ ಭ್ರಮೆ ಕರಗಬಹುದು. ಔಷಧಿ ನಿಂತರೆ ಮರಳಬಹುದು. ಆದ್ದರಿಂದ ಅಸಮರ್ಥನೆಂಬ ಅಭಿಪ್ರಾಯದ ಜೊತೆಗೆ ಚಿಕಿತ್ಸೆಗೆ ಬೇಕಾದ ಅವಧಿ, ಮರುಪರೀಕ್ಷೆಯ ದಿನಾಂಕ ಇರಲೇಬೇಕು. ಇಲ್ಲವಾದರೆ ಏನಾಗುತ್ತದೆಂಬುದಕ್ಕೆ ಅಸ್ಸಾಂನ ಮಚಲ್ ಲಾಲುಂಗ್ ಸಾಕ್ಷಿ. 1951ರಲ್ಲಿ ಬಂಧಿತನಾದ ಆತನನ್ನು ತೇಜ್‌ಪುರದ ಮಾನಸಿಕ ಆಸ್ಪತ್ರೆಗೆ ಕಳುಹಿಸಲಾಯಿತು. 1967ರಲ್ಲಿ ಆಸ್ಪತ್ರೆ ಅವನನ್ನು ಗುಣಮುಖನೆಂದಿತು. ಆದರೂ ಆತ ಹೋದದ್ದು ಮನೆಗಲ್ಲ, ಗುವಾಹಟಿಯ ಜೈಲಿಗೆ. ವಿಚಾರಣೆಯೇ ನಡೆಯದೆ 54 ವರ್ಷ ಕಳೆದು, 2005ರಲ್ಲಿ ಹೊರಬಂದಾಗ ಆತ ಮುದುಕನಾಗಿದ್ದ. ಇಂಥ ಬಂಧಿಗಳ ಬಗ್ಗೆ ಆಸ್ಪತ್ರೆಗಳು ಕಾಲಕಾಲಕ್ಕೆ ನ್ಯಾಯಾಲಯಕ್ಕೆ ವರದಿ ಮಾಡಬೇಕೆಂದು ಸುಪ್ರೀಂ ಕೋರ್ಟ್ 2007ರಲ್ಲಿ ನಿರ್ದೇಶಿಸಿತು.

ಜವಳಗೇರಾದಿಂದ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ; ಬೆಂಗಳೂರಿನ ನಿಮ್ಹಾನ್ಸ್ ಅದಕ್ಕಿಂತಲೂ ದೂರ. ಇಷ್ಟು ದೂರದಿಂದ ಬಂದ ವರದಿಯನ್ನು ಓದುವಾಗ ವಕೀಲರು ಮೊದಲು ಕಾಯಿಲೆಯ ಹೆಸರನ್ನು ಹುಡುಕುವುದು ಬೇಡ. ಪರೀಕ್ಷೆ ನಡೆದ ದಿನಾಂಕ ಮತ್ತು ಮರುಪರೀಕ್ಷೆಯ ದಿನಾಂಕ, ಇವೆರಡೂ ಇವೆಯೇ ಎಂದು ನೋಡಬೇಕು. ಎರಡನೆಯದು ಇಲ್ಲದಿದ್ದರೆ ಅಂದೇ ಅರ್ಜಿ ಹಾಕಿ ಕೇಳಬೇಕು.