ಸ್ಟಾಕ್ಟನ್ ಕಣ್ಣು ಯಾರ ಮೇಲೆ?

ಅಮೆರಿಕದ ಯೂಟಾ ಜಾಝ್ ತಂಡದ ಜಾನ್ ಸ್ಟಾಕ್ಟನ್ ಮತ್ತು ಕಾರ್ಲ್ ಮಲೋನ್ 1985ರಿಂದ 2003ರವರೆಗೆ ನೆಚ್ಚಿಕೊಂಡದ್ದು ಒಂದೇ ತಂತ್ರವನ್ನು: ಪಿಕ್ ಅಂಡ್ ರೋಲ್. ಅದು ಬರುತ್ತದೆಂದು ಎದುರಾಳಿಗಳಿಗೆಲ್ಲ ಗೊತ್ತಿತ್ತು. ತಡೆಯುವುದೇ ಕಷ್ಟ.

ಚೆಂಡು ಸ್ಟಾಕ್ಟನ್ ಕೈಯಲ್ಲಿ. ಅವರನ್ನು ಕಾಯುವವನ ದಾರಿಗೆ ಮಲೋನ್ ಬಂದು ಅಡ್ಡ ನಿಲ್ಲುತ್ತಾರೆ. ಇದೇ ಸ್ಕ್ರೀನ್. ಅಲುಗಾಡಿ ಅವನಿಗೆ ಡಿಕ್ಕಿ ಹೊಡೆದರೆ ಫೌಲ್. ಸ್ಟಾಕ್ಟನ್ ಮಲೋನ್‌ರ ಭುಜಕ್ಕೆ ಭುಜ ತಾಗುವಷ್ಟು ಹತ್ತಿರದಿಂದಲೇ ಹಾದುಹೋಗಬೇಕು. ನಡುವೆ ಸಂದು ಬಿಟ್ಟರೆ ಕಾವಲುಗಾರ ನುಸುಳಿಬಿಡುತ್ತಾನೆ.

ಅವನು ಮಲೋನ್‌ರ ಬೆನ್ನ ಹಿಂದಿನಿಂದ ಸುತ್ತಿ ಬಂದರೆ ಸ್ಟಾಕ್ಟನ್‌ಗೆ ನೇರವಾಗಿ ಎಸೆಯಲು ಬಿಡುವು ಸಿಕ್ಕಿತು. ಬೆನ್ನಟ್ಟಿ ಬಂದರೆ ಒಂದು ಹೆಜ್ಜೆ ಹಿಂದೆ ಬಿದ್ದಿರುತ್ತಾನೆ. ಆಗ ಇಬ್ಬರೂ ನೋಡುವುದು ಮಲೋನ್‌ರನ್ನು ಕಾಯುವ ಎತ್ತರದ ಆಟಗಾರನನ್ನು. ಅವನು ಸ್ಟಾಕ್ಟನ್ ಮೇಲೆ ನುಗ್ಗಿದರೆ ಹಿಂದೆ ಜಾಗ ಖಾಲಿ. ಮಲೋನ್ ಹೊರಳಿ ಬುಟ್ಟಿಯತ್ತ ಓಡುತ್ತಾರೆ, ಚೆಂಡು ನೆಲಕ್ಕೆ ಪುಟಿದು ಅವರ ಕೈ ಸೇರುತ್ತದೆ. ಅವನು ಬುಟ್ಟಿಯ ಬಳಿಯೇ ಉಳಿದರೆ ಮಲೋನ್ ಓಡದೆ ಸುಮಾರು 15 ಅಡಿ ದೂರದಲ್ಲೇ ಪಾಸ್ ಪಡೆದು ಎಸೆಯುತ್ತಾರೆ. ಒಬ್ಬನನ್ನೇ ಇಬ್ಬರೂ ಓದುವಾಗ ಸನ್ನೆಯೂ ಬೇಕಿಲ್ಲ.

ಕಾವಲುಗಾರರು ಅದಲುಬದಲಾದರೆ? 6 ಅಡಿ 9 ಅಂಗುಲದ ಮಲೋನ್ ಪಾಲಿಗೆ ಕುಳ್ಳನೊಬ್ಬ ಬಂದಂತಾಯಿತು. ಅವನನ್ನು ಬೆನ್ನಿನಿಂದ ತಡೆದು ಚೆಂಡು ಕೇಳಿದರೆ ಸಾಕು.

ಹೊಸಬರು ಕೆಡಿಸುವುದು ಅವಸರದಲ್ಲಿ. ಕಾವಲುಗಾರ ಸ್ಕ್ರೀನ್‌ಗೆ ತಗುಲುವ ಮೊದಲೇ ಹೊರಳಿ ಓಡುತ್ತಾರೆ. ಅವನು ಹಿಂದೆ ಬೀಳುವುದೇ ಇಲ್ಲ. ಇಬ್ಬರಿಗೆ ಇಬ್ಬರು ಕಾವಲುಗಾರರು ಮೊದಲಿನಂತೆಯೇ ಎದುರಿಗಿರುತ್ತಾರೆ.