ಇಂದಿನ ದರದೊಳಗೇ ಇದೆ ಮುಂದಿನ ವರ್ಷದ ಬಡ್ಡಿ

ಕೈಯಲ್ಲಿ ಒಂದು ಲಕ್ಷ ರೂಪಾಯಿ ಇದೆ, ಎರಡು ವರ್ಷ ಅದರ ಅಗತ್ಯವಿಲ್ಲ ಎಂದಿಟ್ಟುಕೊಳ್ಳಿ. ಒಂದು ವರ್ಷಕ್ಕೆ ಇಟ್ಟರೆ ಶೇ. 6 ಬಡ್ಡಿ, ಎರಡು ವರ್ಷಕ್ಕೆ ಇಟ್ಟರೆ ವರ್ಷಕ್ಕೆ ಶೇ. 7. ಒಂದು ವರ್ಷಕ್ಕೆ ಇಟ್ಟು, ಆಮೇಲೆ ಬಂದದ್ದನ್ನೆಲ್ಲ ಇನ್ನೊಂದು ವರ್ಷಕ್ಕೆ ಇಡುವ ದಾರಿಯೂ ನಿಮಗಿದೆ. ಅದು ಲಾಭದ್ದಾಗಬೇಕಾದರೆ ಮುಂದಿನ ವರ್ಷ ಬಡ್ಡಿ ಎಷ್ಟಿರಬೇಕು? ಶೇ. 7 ದಾಟಿದರೆ ಸಾಕು ಎಂದು ಹೆಚ್ಚಿನವರು ಥಟ್ಟನೆ ಹೇಳಿಬಿಡುತ್ತಾರೆ. ಅದು ಸಾಲದು.

ಲೆಕ್ಕ ಹಾಕಿ ನೋಡೋಣ. ಎರಡು ವರ್ಷಕ್ಕೆ ಶೇ. 7ರ ಚಕ್ರಬಡ್ಡಿಯಲ್ಲಿ ಒಂದು ಲಕ್ಷವು 1,14,490 ರೂಪಾಯಿ ಆಗುತ್ತದೆ. ಒಂದು ವರ್ಷಕ್ಕೆ ಶೇ. 6ರಲ್ಲಿ ಅದು 1,06,000 ರೂಪಾಯಿ. ಈ 1,06,000 ಎರಡನೇ ವರ್ಷದ ಕೊನೆಗೆ 1,14,490ಕ್ಕೆ ಸಮನಾಗಬೇಕಾದರೆ ಅದು ಆ ಒಂದೇ ವರ್ಷದಲ್ಲಿ 8,490 ರೂಪಾಯಿ ದುಡಿಯಬೇಕು. ಅಂದರೆ ಶೇ. 8.01. ಮೊದಲ ವರ್ಷ ಶೇ. 1 ಕಡಿಮೆ ಬಡ್ಡಿ ಪಡೆದವರು ಎರಡನೇ ವರ್ಷ ಸುಮಾರು ಶೇ. 1 ಹೆಚ್ಚು ಪಡೆದರೆ ಮಾತ್ರ ಸರಿದೂಗುತ್ತದೆ.

ಇಂದೇ ಹಣ ಕೊಟ್ಟು, ಅವಧಿಯ ಕೊನೆಗೆ ಅಸಲು-ಬಡ್ಡಿ ಒಟ್ಟಿಗೆ ಪಡೆಯುವ ವ್ಯವಹಾರದ ದರಕ್ಕೆ ಹಣಕಾಸು ಪೇಟೆಯಲ್ಲಿ ಸ್ಪಾಟ್ ರೇಟ್ ಎನ್ನುತ್ತಾರೆ. ನಮ್ಮ ಶೇ. 6 ಮತ್ತು ಶೇ. 7 ಅಂಥವು. ಇವೆರಡರಿಂದ ಹೊರಬಿದ್ದ ಶೇ. 8.01 ಫಾರ್ವರ್ಡ್ ರೇಟ್. ಒಂದು ವರ್ಷದ ನಂತರ ಶುರುವಾಗಿ ಒಂದು ವರ್ಷ ನಡೆಯುವ ಸಾಲಕ್ಕೆ ಇಂದೇ ಗೊತ್ತಾಗುವ ದರ ಅದು. ಸೂತ್ರ ಇಷ್ಟೇ:

(1.07 × 1.07) ÷ 1.06 − 1 = 0.0801

ಬಾಯಿಲೆಕ್ಕಕ್ಕೆ ಎರಡು ವರ್ಷದ ದರವನ್ನು ದ್ವಿಗುಣ ಮಾಡಿ, ಒಂದು ವರ್ಷದ ದರವನ್ನು ಕಳೆಯಿರಿ. 14ರಲ್ಲಿ 6 ಹೋದರೆ 8.

ಪೇಟೆಯಲ್ಲಿ ಈ ದರ ಬೇರೆಯಾಗಿರಲು ಸಾಧ್ಯವಿಲ್ಲವೇ? ಒಬ್ಬರು ನಿಮಗೆ ಮುಂದಿನ ವರ್ಷ ಶೇ. 7.5ರಲ್ಲಿ ಸಾಲ ಕೊಡುವುದಾಗಿ ಇಂದೇ ಕರಾರು ಮಾಡಿಕೊಟ್ಟರು ಎನ್ನೋಣ. ನೀವು ಒಂದು ಲಕ್ಷವನ್ನು ಒಂದು ವರ್ಷಕ್ಕೆ ಶೇ. 6ರಲ್ಲಿ ಸಾಲ ಪಡೆದು, ಎರಡು ವರ್ಷಕ್ಕೆ ಶೇ. 7ರಲ್ಲಿ ಹೂಡುತ್ತೀರಿ. ವರ್ಷ ಕಳೆದಾಗ ಕರಾರಿನಂತೆ 1,06,000 ರೂಪಾಯಿ ಎತ್ತಿ ಹಳೆಯ ಸಾಲ ತೀರಿಸುತ್ತೀರಿ. ಕೊನೆಗೆ ನಿಮಗೆ ಬರುವುದು 1,14,490, ನೀವು ಕೊಡಬೇಕಾದದ್ದು 1,13,950. ಕೈಯಿಂದ ಒಂದು ಪೈಸೆ ಹಾಕದೆ 540 ರೂಪಾಯಿ ಉಳಿಯಿತು. ಕರಾರಿನ ದರ ಶೇ. 8.5 ಇದ್ದರೆ ಇದೇ ಆಟವನ್ನು ತಿರುಗುಮುರುಗಾಗಿ ಆಡಬಹುದು. ಇಂಥ ಅವಕಾಶ ಕಂಡ ಕೂಡಲೇ ವ್ಯಾಪಾರಿಗಳು ಮುಗಿಬೀಳುತ್ತಾರೆ. ಅವರ ಕೊಡುಕೊಳ್ಳುವಿಕೆಯೇ ದರವನ್ನು ಶೇ. 8.01ರ ಹತ್ತಿರಕ್ಕೆ ಎಳೆದು ತರುತ್ತದೆ. ಹತ್ತಿರ ಎಂದೆ, ಏಕೆಂದರೆ ಸಾಲ ಪಡೆಯುವ ದರ ಮತ್ತು ಹೂಡುವ ದರ ನಿಜದಲ್ಲಿ ಒಂದೇ ಇರುವುದಿಲ್ಲ. ಆ ಅಂತರದಷ್ಟು ಸಡಿಲ ಉಳಿದೇ ಉಳಿಯುತ್ತದೆ.

ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಇನ್ನೊಂದು ಕಡೆ. ಸರ್ಕಾರದ 91, 182, 364 ದಿನಗಳ ಟ್ರೆಷರಿ ಬಿಲ್ಲುಗಳಲ್ಲಿ ನಡುವೆ ಬಡ್ಡಿ ಇಲ್ಲ, ಹಾಗಾಗಿ ಅವುಗಳ ದರ ನೇರವಾಗಿ ಸ್ಪಾಟ್ ದರವೇ. ಆದರೆ ದೀರ್ಘಾವಧಿಯ ಬಾಂಡುಗಳು ನಡುನಡುವೆ ಬಡ್ಡಿ ಕೊಡುತ್ತವೆ. 100 ರೂಪಾಯಿಗೆ ಸಿಗುವ, ವರ್ಷಕ್ಕೊಮ್ಮೆ 7 ರೂಪಾಯಿ ಕೊಡುವ ಎರಡು ವರ್ಷದ ಬಾಂಡನ್ನು ತೆಗೆದುಕೊಳ್ಳಿ. ಮೊದಲ ವರ್ಷದ 7 ರೂಪಾಯಿಯ ಇಂದಿನ ಬೆಲೆ, ಶೇ. 6ರ ಲೆಕ್ಕದಲ್ಲಿ, 6.60 ರೂಪಾಯಿ. ಉಳಿದ 93.40 ರೂಪಾಯಿ ಎರಡು ವರ್ಷದಲ್ಲಿ 107 ಆಗಬೇಕು. ಆಗ ಎರಡು ವರ್ಷದ ನಿಜವಾದ ಸ್ಪಾಟ್ ದರ ಸುಮಾರು ಶೇ. 7.04, ಫಾರ್ವರ್ಡ್ ದರ ಶೇ. 8.08. ಬಾಂಡಿನ ಶೇ. 7ನ್ನೇ ಸೂತ್ರಕ್ಕೆ ಹಾಕಿದವರು ಶೇ. 8.01 ಎಂದು ತಪ್ಪಾಗಿ ಓದುತ್ತಾರೆ. ಕೋಟಿಗಳ ವ್ಯವಹಾರದಲ್ಲಿ ಇದು ಸಣ್ಣ ಮೊತ್ತವಲ್ಲ.

ಹಾಗಾದರೆ ಮುಂದಿನ ವರ್ಷ ಬಡ್ಡಿ ಶೇ. 8.01 ಆಗಿಯೇ ತೀರುತ್ತದೆಯೇ? ಇಲ್ಲ. ಫಾರ್ವರ್ಡ್ ದರದಲ್ಲಿ ಪೇಟೆಯ ನಿರೀಕ್ಷೆಯೂ ಇದೆ, ಹಣವನ್ನು ದೀರ್ಘಕಾಲ ಕಟ್ಟಿಹಾಕಿಕೊಳ್ಳುವುದಕ್ಕೆ ಜನ ಕೇಳುವ ಹೆಚ್ಚುವರಿ ಪ್ರತಿಫಲವೂ ಬೆರೆತಿದೆ. ಯಾವುದು ಎಷ್ಟು ಎಂದು ಆ ಒಂದು ಸಂಖ್ಯೆಯಿಂದ ಬೇರ್ಪಡಿಸಲಾಗದು. ಹಾಗೆಯೇ ಒಂದು ವರ್ಷಕ್ಕೆ ಶೇ. 7, ಎರಡು ವರ್ಷಕ್ಕೆ ಶೇ. 6.5 ಇದ್ದರೆ ಫಾರ್ವರ್ಡ್ ದರ ಶೇ. 6ಕ್ಕೆ ಇಳಿಯುತ್ತದೆ. ದರ ಇಳಿಯಬಹುದೆಂದು ಪೇಟೆ ಎಣಿಸುತ್ತಿದೆ ಎಂಬುದಕ್ಕೆ ಅದು ಸುಳಿವು, ಖಾತರಿಯಲ್ಲ.

ಬ್ಯಾಂಕ್ ಠೇವಣಿ ಇಡುವವರಿಗೂ ಈ ಲೆಕ್ಕ ಉಪಯೋಗಕ್ಕೆ ಬರುತ್ತದೆ. ಬ್ಯಾಂಕುಗಳು ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿ ಕಟ್ಟುವುದರಿಂದ ಉತ್ತರ ತುಸು ಬದಲಾಗುತ್ತದೆ, ಆದರೆ ಬಾಯಿಲೆಕ್ಕ ಸಾಕು. ಎರಡು ವರ್ಷದ ದರದ ದುಪ್ಪಟ್ಟಿನಿಂದ ಒಂದು ವರ್ಷದ ದರ ಕಳೆಯಿರಿ. ಮುಂದಿನ ವರ್ಷ ಅದಕ್ಕಿಂತ ಹೆಚ್ಚು ಬಡ್ಡಿ ಸಿಗುತ್ತದೆಂಬ ನಂಬಿಕೆ ನಿಮಗಿದ್ದರೆ ಒಂದು ವರ್ಷಕ್ಕೆ ಇಡಿ, ಇಲ್ಲದಿದ್ದರೆ ಎರಡು ವರ್ಷಕ್ಕೆ ಇಡಿ.