ಊರಿನ ಜಲಮೂಲಗಳ ನಕ್ಷೆ: ಪಂಚಾಯಿತಿಗೊಂದು ವಿಜ್ಞಾಪನೆ

ನಮ್ಮ ಕೋಲಾರದ ಸೀಮೆಯಲ್ಲಿ ಕೊಳವೆಬಾವಿಯ ನೀರು ಕಣ್ಣಿಗೆ ತಿಳಿಯಾಗಿಯೂ ನಾಲಗೆಗೆ ಹಿತವಾಗಿಯೂ ಇದ್ದು ಒಳಗೆ ಫ್ಲೋರೈಡನ್ನು ಅಡಗಿಸಿಕೊಂಡಿರಬಹುದಾದ ಕಾರಣ, ಸ್ವಯಂಸೇವಕರು ಪ್ರತಿಯೊಂದು ಜಲಮೂಲದ ಬಳಿಗೂ ಹೋಗಿ, ಮೊಬೈಲಿನಿಂದ ಸ್ಥಳವನ್ನು ಗುರುತಿಸಿ, ಎಲ್ಲರಿಗೂ ಸಮಾನವಾದ ಒಂದೇ ಪಟ್ಟಿಯಲ್ಲಿ ಅದರ ಲಕ್ಷಣಗಳನ್ನು ಬರೆಯಲು ತಮ್ಮ ಅನುಮತಿಯನ್ನು ಬೇಡುತ್ತೇವೆ.

ಶಾಲೆಯ ಪಕ್ಕದ ಕೈಪಂಪನ್ನೇ ನೋಡೋಣ. ಒಬ್ಬನು ‘ನೀರಿಲ್ಲ’ ಎಂದಷ್ಟೇ ಬರೆದರೆ, ಬಾವಿ ಬತ್ತಿತೋ ವಾಷರ್ ಸವೆಯಿತೋ ತಿಳಿಯುವ ಬಗೆಯೆಂತು? ಮೊದಲನೆಯದಕ್ಕೆ ಬೇರೆ ಮೂಲವೇ ಬೇಕು, ಎರಡನೆಯದಕ್ಕೆ ಮೆಕ್ಯಾನಿಕ್ ಸಾಕು. ಆದಕಾರಣ ಪಂಪಿನ ಸ್ಥಿತಿಗೂ ನೀರು ದೊರೆಯುವ ತಿಂಗಳುಗಳಿಗೂ ಪ್ರತ್ಯೇಕ ಅಂಕಣಗಳಿರತಕ್ಕದ್ದು.

‘ಕುಡಿಯಲು ಯೋಗ್ಯ’ ಎಂಬ ಅಂಕಣವನ್ನಂತೂ ರುಚಿ ನೋಡಿ ತುಂಬಲಾಗದು. ಪ್ರಯೋಗಾಲಯದ ವರದಿಯೂ ದಿನಾಂಕವೂ ದೊರೆಯುವವರೆಗೆ ಅಲ್ಲಿ ‘ಪರೀಕ್ಷಿಸಿಲ್ಲ’ ಎಂದೇ ಇರಬೇಕು, ಏಕೆಂದರೆ ಖಾಲಿ ಬಿಟ್ಟ ಅಂಕಣವನ್ನು ಓದುವವನು ತನಗೆ ಬೇಕಾದಂತೆ ಅರ್ಥೈಸುವನು. ಭಾರತೀಯ ಮಾನಕದಂತೆ ಫ್ಲೋರೈಡು ಲೀಟರಿಗೆ 1 ಮಿಲಿಗ್ರಾಮಿನೊಳಗಿರಬೇಕು. ಬೇರೆ ಮೂಲವಿಲ್ಲದಲ್ಲಿ ಮಾತ್ರ 1.5ರವರೆಗೆ ಸಮ್ಮತ. ಆ ಕೈಪಂಪು ದುರಸ್ತಿಯಾಗಿ, ಅದರ ನೀರಿನ ವರದಿ 1.8 ಎಂದಿತೆನ್ನಿ: ‘ಪಂಪು ಸರಿ, ವರ್ಷಪೂರ್ತಿ ನೀರು, ಕುಡಿಯಲು ಅಯೋಗ್ಯ’ ಎಂದು ಬರೆಯುವೆವು. ಕುದಿಸಿದರೆ ಸರಿಹೋದೀತೆಂಬ ನಂಬಿಕೆ ಇಲ್ಲಿ ಸಲ್ಲದು, ನೀರು ಆವಿಯಾದಷ್ಟೂ ಉಳಿದುದರಲ್ಲಿ ಫ್ಲೋರೈಡು ಸಾಂದ್ರವಾಗುವುದು.

ತಮ್ಮಲ್ಲಿರುವ ಹಳೆಯ ಪರೀಕ್ಷಾ ವರದಿಗಳ ಪ್ರತಿಗಳನ್ನು ಕೊಟ್ಟರೆ, ಬೇಸಗೆ ಮುಗಿಯುವ ಮೊದಲೇ ಕೆಲಸವನ್ನು ಆರಂಭಿಸುವೆವು.